ಎದುರು ಬಣ್ಣವೋ, ಪಕ್ಕದ ಬಣ್ಣವೋ? ಪೋಸ್ಟರ್‌ಗೆ ಹೊಸ ಹಿನ್ನೆಲೆ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಫೋಟೊದಿಂದ ಒಬ್ಬರನ್ನು ಕತ್ತರಿಸಿ ತೆಗೆದು ಬೇರೆ ಹಿನ್ನೆಲೆಯ ಮೇಲೆ ಕೂರಿಸುವುದು ಈಗ ಹತ್ತು ನಿಮಿಷದ ಕೆಲಸ. ಆ ಹಿನ್ನೆಲೆಗೆ ಯಾವ ಬಣ್ಣ ಅನ್ನೋದಕ್ಕೆ ಮಾತ್ರ ಅರ್ಧ ದಿನ ಹೋಗುತ್ತೆ. ನಾನು ಹೆಚ್ಚಾಗಿ ನೃತ್ಯ, ಸಂಗೀತ, ನಾಟಕದ ಪೋಸ್ಟರ್ ಮಾಡುವವನು. ಇಲ್ಲಿ ಒಂದೇ ಪೋಸ್ಟರನ್ನು ಉದಾಹರಣೆಯಾಗಿ ಹಿಡಿದುಕೊಂಡಿದ್ದೇನೆ. ಭರತನಾಟ್ಯ ರಂಗಪ್ರವೇಶದ ಪೋಸ್ಟರ್ ಅದು. ಹುಡುಗಿ ಉಟ್ಟಿದ್ದು ಮಾವಿನಹಣ್ಣಿನ ಬಣ್ಣದ ರೇಷ್ಮೆ, ಮರೂನ್ ಅಂಚು. ಫೋಟೊ ತೆಗೆದಿದ್ದು ಪಾರ್ಕಿನಲ್ಲಿ, ಹಿಂದೆಲ್ಲ ಹಸಿರು ಗಿಡ, ಕೆಳಗೆ ಹುಲ್ಲು.

ಎದುರು ಬಣ್ಣ, ಪಕ್ಕದ ಬಣ್ಣ ಅಂದ್ರೆ ಏನು?

ಬಣ್ಣಗಳನ್ನು ಒಂದು ಚಕ್ರದಲ್ಲಿ ಜೋಡಿಸಿದಾಗ ನೇರ ಆಚೆ ಬದಿಯಲ್ಲಿ ಬರುವುದು ಎದುರು ಬಣ್ಣ, ಅಂದರೆ ಕಾಂಪ್ಲಿಮೆಂಟರಿ. ಆಚೀಚೆ 30 ಡಿಗ್ರಿಯೊಳಗೆ ಬರುವುದು ಪಕ್ಕದ ಬಣ್ಣ, ಅಂದರೆ ಅನಲಾಗಸ್. ಸೀರೆ ಅಂಗಡಿಯಲ್ಲಿ ಕೂತಿದ್ದರೆ ಇದು ನಿಮಗೆ ಆಗಲೇ ಗೊತ್ತು. ‘ಕಾಂಟ್ರಾಸ್ಟ್ ಬಾರ್ಡರ್’ ಅಂತ ತೋರಿಸ್ತಾರಲ್ಲ, ಅರಿಶಿನ ಒಡಲಿಗೆ ನೇರಳೆ ಅಂಚು, ಅದು ಎದುರು ಬಣ್ಣ. ಅರಿಶಿನ ಒಡಲಿಗೆ ಕನಕಾಂಬರ ಬಣ್ಣದ ಅಂಚಿದ್ದರೆ ಪಕ್ಕದ ಬಣ್ಣ. ಒಂದು ವಿಷಯ ಗಮನಿಸಿ: ಕಾಂಟ್ರಾಸ್ಟ್ ಅಂಚು ಯಾವಾಗಲೂ ಒಡಲಿಗಿಂತ ಚಿಕ್ಕದು. ಪೋಸ್ಟರ್‌ನಲ್ಲಿ ನಾವು ಇದನ್ನು ತಲೆಕೆಳಗು ಮಾಡ್ತೇವೆ. ಎದುರು ಬಣ್ಣವನ್ನೇ ಹಿನ್ನೆಲೆಗೆ ಹಾಕಿ, ಹಾಳೆಯ ಮುಕ್ಕಾಲು ಪಾಲನ್ನು ಅದಕ್ಕೆ ಬಿಟ್ಟುಕೊಡ್ತೇವೆ. ತೊಂದರೆ ಶುರುವಾಗುವುದೇ ಅಲ್ಲಿ.

ಒಂದು ಕಡೆ ಹಳದಿಗೆ ಎದುರು ನೇರಳೆ ಅಂತಾರೆ, ಇನ್ನೊಂದು ಕಡೆ ನೀಲಿ ಅಂತಾರೆ. ಯಾವುದು ಸರಿ?

ಎರಡೂ ಸರಿ, ಚಕ್ರ ಬೇರೆ ಬೇರೆ. ಶಾಲೆಯ ಡ್ರಾಯಿಂಗ್ ಕ್ಲಾಸಿನಲ್ಲಿ ಕಲಿತದ್ದು ಕೆಂಪು, ಹಳದಿ, ನೀಲಿ ಪೇಂಟಿನ ಚಕ್ರ. ಅದರಲ್ಲಿ ಹಳದಿಗೆ ಎದುರು ನೇರಳೆ, ಕೆಂಪಿಗೆ ಎದುರು ಹಸಿರು. ಫೋಟೊಶಾಪ್‌ನ ಕಲರ್ ಪಿಕ್ಕರ್‌ನಲ್ಲಿ `H` ಅಂತ ಕಾಣುವ ಅಂಕಿ ಬೆಳಕಿನ ಚಕ್ರದ್ದು. ಅದರಲ್ಲಿ ಕೆಂಪು 0, ಹಳದಿ 60, ಹಸಿರು 120, ನೀಲಿ 240. ಇದರ ಲೆಕ್ಕದಲ್ಲಿ ಹಳದಿಗೆ ಎದುರು ನೀಲಿ.

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮಾವಿನ ಹಳದಿ ಸೀರೆಗೆ 220ರಿಂದ 270ರವರೆಗೆ ಯಾವ ನೀಲಿ, ನೇರಳೆ ಹಾಕಿದರೂ ಕಣ್ಣಿಗೆ ಅದು ಎದುರು ಬಣ್ಣದ ಹಾಗೇ ಕಾಣುತ್ತೆ. ಚಕ್ರ ದಿಕ್ಕು ತೋರಿಸಲಿ, ಮನೆ ನಂಬರು ನೀವೇ ಹುಡುಕಿಕೊಳ್ಳಿ.

ಫೋಟೊದಲ್ಲಿ ಹತ್ತು ಬಣ್ಣ ಇದೆ. ಎದುರು ಬಣ್ಣ ಹುಡುಕೋದು ಯಾವುದಕ್ಕೆ?

ಜಾಗ ಜಾಸ್ತಿ ತಿನ್ನುವ ಬಟ್ಟೆಯ ಬಣ್ಣದಿಂದ ಶುರು ಮಾಡಿ, ಆಮೇಲೆ ಮುಖದ ಮೇಲೆ ಪರೀಕ್ಷಿಸಿ. ಐಡ್ರಾಪರ್ ತೆಗೆದುಕೊಂಡು ಮೇಲಿನ ಪಟ್ಟಿಯಲ್ಲಿ `Sample Size` ಅನ್ನು `5 by 5 Average` ಅಥವಾ ಅದಕ್ಕಿಂತ ದೊಡ್ಡದು ಮಾಡಿಕೊಳ್ಳಿ. ಒಂದೇ ಪಿಕ್ಸೆಲ್ ಕುಟ್ಟಿದರೆ ಜರಿಯ ಹೊಳಪೋ ನೆರಿಗೆಯ ನೆರಳೋ ಸಿಗುತ್ತೆ, ಸೀರೆಯ ಬಣ್ಣ ಸಿಗಲ್ಲ.

`H` ಪಕ್ಕದಲ್ಲಿ ಕಾಣುವ `S` ಅಂದರೆ ಸ್ಯಾಚುರೇಷನ್, ಬಣ್ಣ ಎಷ್ಟು ಗಟ್ಟಿ ಅನ್ನೋದು; `B` ಅಂದರೆ ಅದರಲ್ಲಿ ಎಷ್ಟು ಬೆಳಕಿದೆ ಅನ್ನೋದು. ನಮ್ಮ ಫೋಟೊದಲ್ಲಿ ಸಿಕ್ಕಿದ್ದು ಇಷ್ಟು. ಸೀರೆ `H 42 S 80 B 88`. ಮುಖ `H 20 S 50 B 65`. ಅಂಚು `H 350 S 75 B 45`. ಕೂದಲು ಹೆಚ್ಚುಕಡಿಮೆ ಕಪ್ಪು.

ಮುಖದ 20 ನೋಡಿ. ಮನುಷ್ಯರ ಮೈಬಣ್ಣ ಎಷ್ಟು ತಿಳಿಯಿರಲಿ, ಎಷ್ಟು ಕಪ್ಪಿರಲಿ, ಸಾಮಾನ್ಯ ಬೆಳಕಿನಲ್ಲಿ ಈ `H` ಅಂಕಿ ಕಿತ್ತಳೆಯ ಸುತ್ತಮುತ್ತಲೇ ಇರುತ್ತೆ. ಬದಲಾಗುವುದು ಹೆಚ್ಚಾಗಿ ಉಳಿದೆರಡು ಅಂಕಿ. ಅಂದರೆ ಮನುಷ್ಯರ ಪೋಸ್ಟರ್ ಯಾವುದೇ ಮಾಡಿ, ಅದರಲ್ಲಿ ಕಿತ್ತಳೆ ಮೊದಲೇ ಬಂದು ಕೂತಿರುತ್ತೆ. ಸಿನಿಮಾ ಪೋಸ್ಟರ್‌ಗಳಲ್ಲಿ ನವಿಲು ನೀಲಿ ಹಿನ್ನೆಲೆ ಅಷ್ಟೊಂದು ಕಾಣೋದು ಇದೇ ಕಾರಣಕ್ಕೆ, ಅದು ಮೈಬಣ್ಣಕ್ಕೆ ಎದುರು ಬಣ್ಣ.

ಹಾಗಾದ್ರೆ 42ಕ್ಕೆ 180 ಕೂಡಿಸಿ 222 ಹಾಕಿಬಿಟ್ಟರೆ ಆಯ್ತಲ್ವಾ?

ನಾನೂ ಮೊದಲು ಅದೇ ಮಾಡಿದ್ದು. `H 222 S 90 B 80`, ಗಟ್ಟಿ ನೀಲಿ. ದೂರದಿಂದ ಕಣ್ಣಿಗೆ ಬೀಳ್ತಿತ್ತು, ಸುಳ್ಳಲ್ಲ. ಆದರೆ ಕಣ್ಣಿಗೆ ಬೀಳ್ತಿದ್ದದ್ದು ನೀಲಿ, ಹುಡುಗಿಯಲ್ಲ. ಸೀರೆಯೂ ಗಟ್ಟಿ, ಹಿನ್ನೆಲೆಯೂ ಗಟ್ಟಿ. ಇಬ್ಬರೂ ಒಟ್ಟಿಗೆ ಕೂಗಿದರೆ ಯಾರ ಮಾತೂ ಕೇಳಲ್ಲ.

ಎದುರು ಬಣ್ಣ ಬೇಕು ಅಂತಿದ್ದರೆ `H` ಹಾಗೇ ಬಿಟ್ಟು ಉಳಿದೆರಡು ಅಂಕಿ ಇಳಿಸಿ. ನಾನು ಕೊನೆಗೆ ನಿಂತಿದ್ದು `H 222 S 60 B 30` ಹತ್ತಿರ, ಸಂಜೆ ಏಳೂವರೆಯ ಆಕಾಶದ ಹಾಗೆ. ಬಣ್ಣ ಅದೇ ನೀಲಿ, ಆದರೆ ಈಗ ಅದು ಹಿಂದೆ ಸರಿದು ನಿಲ್ಲುತ್ತೆ. ನನ್ನ ರೂಢಿ ಇಷ್ಟು: ಎದುರು ಬಣ್ಣಗಳಲ್ಲಿ ಒಂದೇ ಗಟ್ಟಿಯಾಗಿರಬೇಕು, ಅದು ಮುಂದಿರುವ ವ್ಯಕ್ತಿಯದ್ದಾಗಿರಬೇಕು.

ಬಣ್ಣ ಸರಿಯಾಗೇ ಇದೆ, ಆದರೂ ವ್ಯಕ್ತಿ ಎದ್ದು ಕಾಣ್ತಿಲ್ಲ. ಯಾಕೆ?

ಬಣ್ಣ ಬೇರೆ, ಆದರೆ ತಿಳಿ-ಗಾಢ ಒಂದೇ. ನನ್ನ ಬಳಿ ಬರುವ ಪೋಸ್ಟರ್‌ಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳ್ತೇನೆ.

ಎಲ್ಲ ಲೇಯರ್‌ಗಳ ಮೇಲೆ ಕಪ್ಪು ಬಣ್ಣದ ಒಂದು `Solid Color` ಲೇಯರ್ ಹಾಕಿ, ಅದರ ಬ್ಲೆಂಡ್ ಮೋಡನ್ನು `Color` ಮಾಡಿ. ಇಡೀ ಪೋಸ್ಟರ್ ಬೂದು ಬಣ್ಣಕ್ಕೆ ತಿರುಗುತ್ತೆ. ಬ್ರೌಸರ್‌ನಲ್ಲೇ ನಡೆಯುವ ಫೋಟೊಪಿಯಾದಲ್ಲೂ ಇದು ಹೀಗೇ. ಈಗ ಐಡ್ರಾಪರ್ ಇಟ್ಟರೆ `B` ಅಂಕಿ ಎಷ್ಟು ತಿಳಿ, ಎಷ್ಟು ಗಾಢ ಅಂತ ಹೇಳುತ್ತೆ. ಸುಮ್ನೆ ಸ್ಯಾಚುರೇಷನ್ ಸೊನ್ನೆಗೆ ಎಳೆದರೆ ಈ ಲೆಕ್ಕ ತಪ್ಪಾಗುತ್ತೆ. ಹಳದಿ ಕಣ್ಣಿಗೆ ನೀಲಿಗಿಂತ ಎಷ್ಟೋ ತಿಳಿ. ಆ ದಾರಿಯಲ್ಲಿ ಗಟ್ಟಿ ಹಳದಿಯೂ ಗಟ್ಟಿ ನೀಲಿಯೂ ಒಂದೇ ಬೂದಾಗಿ ಕೂತುಬಿಡುತ್ತವೆ.

ನಮ್ಮ ಪೋಸ್ಟರ್‌ನಲ್ಲಿ ಬೂದು ಮಾಡಿ ನೋಡಿದಾಗ ಸೀರೆ 67, ಮುಖ 49, ಕಪ್ಪು ಕೂದಲು 9, ಸಂಜೆ ನೀಲಿ ಹಿನ್ನೆಲೆ 17. ಸೀರೆಗೂ ಹಿನ್ನೆಲೆಗೂ 50ರ ಅಂತರ, ಬಹಳ ಚೆನ್ನಾಗಿದೆ. ಮುಖಕ್ಕೆ 32, ಅದೂ ಚೆನ್ನಾಗಿದೆ. ಕೂದಲಿಗೆ ಬರೀ 8. ಜಡೆ, ತುರುಬು ಎಲ್ಲ ಹಿನ್ನೆಲೆಯೊಳಗೆ ಮುಳುಗಿ, ತಲೆ ಹಣೆಯ ಹತ್ತಿರವೇ ಮುಗಿದ ಹಾಗಿತ್ತು. ಹೂವು ಮಾತ್ರ ಗಾಳಿಯಲ್ಲಿ ತೇಲ್ತಿತ್ತು!

ಹಾಗಂತ ಇಡೀ ಹಿನ್ನೆಲೆ ತಿಳಿ ಮಾಡಿದರೆ ಸೀರೆಯ ಹೊಳಪು ಹೋಗುತ್ತೆ. ತಲೆಯ ಹಿಂದೆ ಮಾತ್ರ ಒಂದು ದುಂಡು ಗ್ರೇಡಿಯಂಟ್ ಹಾಕಿದೆ, `H 222 S 45 B 42`. ಬೂದಿನಲ್ಲಿ ಅದು 29. ಈಗ ಮುಖದಿಂದ 20 ದೂರ, ಕೂದಲಿಂದಲೂ 20 ದೂರ. ಎರಡರ ನಡುವೆ ಸರಿಯಾಗಿ ಕೂತಿತು. ಪೋಸ್ಟರ್‌ನಲ್ಲಿ ವ್ಯಕ್ತಿಯ ಹೊರಗೆರೆಯ ಬಹುಪಾಲು ಕಡೆ 20ರ ಅಂತರ ಇರಲಿ ಅನ್ನೋದು ನನ್ನ ಅಳತೆ. 15ಕ್ಕಿಂತ ಕೆಳಗೆ ಇಳಿದ ಕಡೆ ಕಣ್ಣಿಟ್ಟು ನೋಡಿ.

ಅಂಚಿನಲ್ಲಿ ಬಣ್ಣ ನಡುಗಿದ ಹಾಗೆ ಕಾಣುತ್ತೆ. ಅದೇನು?

ಎರಡು ಗಟ್ಟಿ ಬಣ್ಣಗಳು ಒಂದಕ್ಕೊಂದು ತಾಗಿ, ಬೂದಿನಲ್ಲಿ ಎರಡೂ ಒಂದೇ ಆಗಿದ್ದರೆ ಹಾಗಾಗುತ್ತೆ. ಕುಂಕುಮ ಕೆಂಪು ಬಟ್ಟೆ, ಗಟ್ಟಿ ಹಸಿರು ಹಿನ್ನೆಲೆ ಇದಕ್ಕೆ ಹೆಸರುವಾಸಿ. ಗಡಿ ಎಲ್ಲಿದೆ ಅಂತ ಕಣ್ಣಿಗೆ ನಿರ್ಧರಿಸೋಕೆ ಆಗಲ್ಲ. ಹಿನ್ನೆಲೆಯನ್ನು ಗಾಢ ಮಾಡಿ, ಇಲ್ಲವೇ ತಿಳಿ ಮಾಡಿ. ನಡುಕ ನಿಲ್ಲುತ್ತೆ. ಬಣ್ಣ ಬದಲಿಸುವ ಅಗತ್ಯವೇ ಇಲ್ಲ.

ಪಕ್ಕದ ಬಣ್ಣ ಹಾಕಿದ್ರೆ ಇಷ್ಟೆಲ್ಲ ರಗಳೆ ಇರಲ್ಲ ಅಲ್ವಾ?

ರಗಳೆ ಬೇರೆ ಥರ. ಹುಡುಗಿಯ ಅಮ್ಮನಿಗೆ ನೀಲಿ ಅಷ್ಟಾಗಿ ಹಿಡಿಸಲಿಲ್ಲ. “ಮಂಗಳ ಕಾರ್ಯ ಕಣ್ರೀ, ಕುಂಕುಮದ ಬಣ್ಣ ಇರಲಿ” ಅಂದರು. ತಪ್ಪೇನಿಲ್ಲ. ಮರೂನ್ ಹಿನ್ನೆಲೆ ಮಾಡಿದೆ, `H 352 S 70 B 28`. ಹಳದಿಯಿಂದ 50 ಡಿಗ್ರಿ ದೂರ, ಪಕ್ಕದ ಬಣ್ಣ ಅಂತ ಕರೆಯಲು ಸ್ವಲ್ಪ ಎಳೆದ ಹಾಗಾಯ್ತು. ಆದರೆ ನಡುವೆ ಮೈಬಣ್ಣದ ಕಿತ್ತಳೆ ಕೂತು ಎರಡನ್ನೂ ಸೇರಿಸುತ್ತೆ.

ಸೀರೆ ದೀಪದ ಹಾಗೆ ಉರಿಯಿತು. ಬೂದಿನಲ್ಲಿ ಹಿನ್ನೆಲೆ 14, ಸೀರೆ 67. ಚಿನ್ನದ ಒಡವೆ, ಹೂವು, ಮೈಬಣ್ಣ ಎಲ್ಲ ಒಂದೇ ಮನೆಯವರ ಹಾಗೆ ಹೊಂದಿಕೊಂಡವು. ಆದರೆ ಸೀರೆಯ ಅಂಚು ಮಾಯ! ಅಂಚು 22, ಹಿನ್ನೆಲೆ 14, ಬಣ್ಣವೂ ಅದೇ. ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ನೆರಿಗೆಯ ಕೆಳಗಿನ ಅಂಚು ಹಿನ್ನೆಲೆಯಲ್ಲಿ ಕರಗಿ, ಸೀರೆಯನ್ನು ಯಾರೋ ಕತ್ತರಿಯಲ್ಲಿ ಗಿಡ್ಡ ಮಾಡಿದ ಹಾಗಿತ್ತು.

ನೀಲಿಯ ಮೇಲೂ ಅಂಚಿನ ಅಂತರ ಬರೀ 5. ಆದರೂ ಅಲ್ಲಿ ಅದು ಕಾಣ್ತಿತ್ತು, ಯಾಕಂದ್ರೆ ಬಣ್ಣವೇ ಬೇರೆ. ಪಕ್ಕದ ಬಣ್ಣ ಆರಿಸಿದಾಗ ಆ ಸಹಾಯ ಸಿಗಲ್ಲ. ತಿಳಿ-ಗಾಢದ ಅಂತರವೇ ಪೂರ್ತಿ ಭಾರ ಹೊರಬೇಕು. ಆದ್ದರಿಂದ ಮರೂನ್ ಹಿನ್ನೆಲೆಯ ಕೆಳಭಾಗವನ್ನು ತಿಳಿ ಮಾಡಿ ಕಂದು-ಕಿತ್ತಳೆಗೆ ತಿರುಗಿಸಬೇಕಾಯಿತು, ರಂಗದ ನೆಲದ ಮೇಲೆ ಬೆಳಕು ಬಿದ್ದ ಹಾಗೆ. ಆಗ ಅಂಚು ಗಾಢವಾಗಿ ಬಿಡಿಬಿಡಿಯಾಗಿ ಕಂಡಿತು.

ಕತ್ತರಿಸಿದ ಅಂಚಿನಲ್ಲಿ ಹಳೇ ಹಿನ್ನೆಲೆಯ ಹಸಿರು ಉಳಿದಿದೆ. ಇದಕ್ಕೂ ಬಣ್ಣದ ಆಯ್ಕೆಗೂ ಸಂಬಂಧ ಇದೆಯಾ?

ತುಂಬಾ ಇದೆ. ಹೆಚ್ಚಿನವರು ವ್ಯಕ್ತಿಯ ಬಣ್ಣ ನೋಡಿ ಹಿನ್ನೆಲೆ ಆರಿಸ್ತಾರೆ, ಹಳೇ ಹಿನ್ನೆಲೆಯನ್ನು ಮರೆತೇ ಬಿಡ್ತಾರೆ. ಕೂದಲ ಎಳೆಗಳ ಸಂದಿಯಲ್ಲಿ, ಅರೆಪಾರದರ್ಶಕ ದುಪಟ್ಟಾದಲ್ಲಿ, ಗಲ್ಲದ ಕೆಳಗೆ ಬಿದ್ದ ಹುಲ್ಲಿನ ಬೆಳಕಿನಲ್ಲಿ ಅದು ಜೊತೆಗೇ ಬಂದಿರುತ್ತೆ. ಹೊಸ ಹಿನ್ನೆಲೆಯೂ ಹಸಿರಾಗಿದ್ದರೆ ಯಾರಿಗೂ ಗೊತ್ತಾಗಲ್ಲ. ನಮ್ಮ ಸಂಜೆ ನೀಲಿಯ ಮೇಲೆ ಅದು ಅಲ್ಪಸ್ವಲ್ಪ ಕಂಡಿತು, ಎರಡೂ ತಂಪು ಬಣ್ಣಗಳಲ್ವಾ. ಮರೂನ್ ಮೇಲೆ ಇಟ್ಟ ಕೂಡಲೇ ಜಡೆಯ ಸುತ್ತ ಪಾಚಿ ಕಟ್ಟಿದ ಹಾಗಾಯ್ತು. ಅಂದರೆ ಮರೂನ್ ಸೀರೆಗೆ ಪಕ್ಕದ ಬಣ್ಣ, ಆದರೆ ಪಾರ್ಕಿನ ಹಸಿರಿಗೆ ಎದುರು ಬಣ್ಣ.

ಇದೇ ಗುಣವನ್ನು ಪರೀಕ್ಷೆಗೆ ಬಳಸಿಕೊಳ್ಳಿ. ಹಳೇ ಹಿನ್ನೆಲೆ ಹಸಿರಾಗಿದ್ದರೆ, ಕತ್ತರಿಸಿದ ಚಿತ್ರದ ಕೆಳಗೆ ತಾತ್ಕಾಲಿಕವಾಗಿ ರಾಣಿ ಪಿಂಕ್ ಲೇಯರ್ ಇಡಿ, `H 300` ಹತ್ತಿರದ್ದು. ಉಳಿದ ಹಸಿರೆಲ್ಲ ತಾನಾಗೇ ಎದ್ದು ಕಾಣುತ್ತೆ. 100% ಝೂಮ್ ಮಾಡಿ ಜಡೆ, ಕಿವಿ, ಬೆರಳಿನ ಸಂದಿಗಳನ್ನು ನೋಡಿ. ಕೆಲಸ ಮುಗಿದ ಮೇಲೆ ಆ ಲೇಯರ್ ಅಳಿಸಿ.

ತೆಗೆಯೋದು ಹೀಗೆ. `Select and Mask` ಒಳಗೆ `Decontaminate Colors` ಟಿಕ್ ಮಾಡಿದರೆ ಅಂಚಿನ ಪಿಕ್ಸೆಲ್‌ಗಳಿಗೆ ಒಳಗಿನ ಬಣ್ಣ ಹಚ್ಚುತ್ತೆ. ಅದು ಪಿಕ್ಸೆಲ್‌ಗಳನ್ನೇ ಬದಲಿಸುವುದರಿಂದ ಹೊಸ ಲೇಯರ್ ಆಗಿಯೇ ಹೊರಬರುತ್ತೆ, ಮೂಲ ಕಳೆದುಹೋಗಲ್ಲ. ಆಮೇಲೂ ಉಳಿದರೆ ವ್ಯಕ್ತಿಯ ಲೇಯರ್‌ಗೆ ಮಾತ್ರ ಅಂಟುವ ಹಾಗೆ ಕ್ಲಿಪ್ ಮಾಡಿದ `Hue/Saturation` ಹಾಕಿ, ಅದರಲ್ಲಿ `Greens` ಆರಿಸಿ ಸ್ಯಾಚುರೇಷನ್ -70ಕ್ಕೆ ಇಳಿಸಿ. ನಮ್ಮ ಸೀರೆಯ 42 ಹಸಿರಿನ ವ್ಯಾಪ್ತಿಯಿಂದ ಹೊರಗಿತ್ತು, ಹಾಗಾಗಿ ಅದಕ್ಕೇನೂ ಆಗಲಿಲ್ಲ. ಕೈಯಲ್ಲಿ ಹಸಿರು ಗಾಜಿನ ಬಳೆ ಇತ್ತು, ಅವು ಬೂದಿ ಬಳಿದ ಹಾಗಾದವು! ಮಾಸ್ಕ್‌ನಲ್ಲಿ ಬಳೆಯಷ್ಟನ್ನು ಬಿಡಿಸಿಕೊಳ್ಳಬೇಕಾಯಿತು.

ಹಸಿರೆಲ್ಲ ತೆಗೆದೆ. ಈಗಲೂ ಕತ್ತರಿಸಿ ಅಂಟಿಸಿದ ಹಾಗೇ ಕಾಣುತ್ತೆ.

ಹಳೇ ಜಾಗದ ಬೆಳಕು ಹೋಯ್ತು, ಹೊಸ ಜಾಗದ ಬೆಳಕು ಬಂದಿಲ್ಲ. ವ್ಯಕ್ತಿಯ ಲೇಯರ್ ಮೇಲೆ ಕ್ಲಿಪ್ ಮಾಡಿದ ಹೊಸ ಲೇಯರ್ ತೆಗೆದುಕೊಂಡು, `Soft Light` ಮೋಡ್‌ನಲ್ಲಿ, ಹಿನ್ನೆಲೆಯ ಬಣ್ಣದ ಮೆತ್ತನೆ ಬ್ರಷ್‌ನಿಂದ ಹೊರ ಅಂಚಿಗೆ ಮಾತ್ರ ಸವರಿ. ಪಕ್ಕದ ಬಣ್ಣದ ಹಿನ್ನೆಲೆಯಾದರೆ ಒಪಾಸಿಟಿ 25ರವರೆಗೂ ನಡೆಯುತ್ತೆ. ಎದುರು ಬಣ್ಣವಾದರೆ 10 ದಾಟಬೇಡಿ. ಎದುರು ಬಣ್ಣಗಳು ಬೆರೆತರೆ ಬೂದಾಗುತ್ತವೆ, ಮೈ ಮೇಲೆ ನೀಲಿ ಸವರಿದರೆ ಹುಷಾರಿಲ್ಲದವರ ಕಳೆ ಬರುತ್ತೆ.

ಹಿನ್ನೆಲೆ ಬದಲಿಸಿದ್ದಷ್ಟೇ. ಮುಖದ ಬಣ್ಣ ಯಾಕೆ ಬದಲಾಯ್ತು?

ಬದಲಾಗಿಲ್ಲ, ಹಾಗೆ ಕಾಣುತ್ತೆ. ಐಡ್ರಾಪರ್ ಇಟ್ಟು ನೋಡಿ, ಅದೇ ಅಂಕಿ. ಈ ಜಗಳ ಹಳೆಯದು. ಪ್ಯಾರಿಸ್‌ನ ಗೊಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ನೂಲು ಕಳೆಗುಂದಿದೆ ಅಂತ ದೂರು ಬಂದಿತ್ತು. ಬಣ್ಣದ ವಿಭಾಗ ನೋಡಿಕೊಳ್ತಿದ್ದ ರಸಾಯನ ವಿಜ್ಞಾನಿ ಷೆವ್ರೂಲ್ ಹುಡುಕಿದಾಗ ನೂಲಿನಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣ ಅದನ್ನು ಹಾಗೆ ತೋರಿಸ್ತಿತ್ತು. 1839ರಲ್ಲಿ ಅವರು ಇದನ್ನೆಲ್ಲ ಬರೆದು ಪ್ರಕಟಿಸಿದರು.

ನಮ್ಮ ಪೋಸ್ಟರ್‌ನಲ್ಲಿ ನೀಲಿಯ ಮೇಲೆ ಮುಖ ಇನ್ನಷ್ಟು ಕಿತ್ತಳೆಯಾಗಿ, ಬಿಸಿಯಾಗಿ ಕಂಡಿತು. ಮರೂನ್ ಮೇಲೆ ಅದೇ ಮುಖ ತುಸು ಹಳದಿಗೆ ತಿರುಗಿತು, ಕೆಂಪನ್ನು ಹಿನ್ನೆಲೆ ಎಳೆದುಕೊಂಡ ಹಾಗೆ. ಆದ್ದರಿಂದ ಮುಖದ ಬಣ್ಣ ತಿದ್ದುವ ಕೆಲಸ ಹಿನ್ನೆಲೆ ಕೂರಿಸಿದ ಮೇಲೆ ಇಟ್ಟುಕೊಳ್ಳಿ. ನೀಲಿಯಾದರೆ ಮುಖದ ಸ್ಯಾಚುರೇಷನ್ 5-8 ಇಳಿಸಿ, ಸಾಕು.

ರಾಜ್ಯೋತ್ಸವದ ಪೋಸ್ಟರ್‌ಗೆ ಹಳದಿ-ಕೆಂಪು ಬಿಟ್ಟು ಬೇರೆ ಹಾಕೋ ಹಾಗಿಲ್ಲ. ಮುಖಗಳು ಮುಳುಗಿ ಹೋಗ್ತವೆ!

ಹಳದಿ 55ರ ಹತ್ತಿರ, ಕೆಂಪು 0. ಮೈಬಣ್ಣ 20. ಎರಡರ ಮಧ್ಯಕ್ಕೇ ಬಂದು ಬಿತ್ತು ನೋಡಿ. ಅದಕ್ಕೇ ನವೆಂಬರ್‌ನ ಪೋಸ್ಟರ್‌ಗಳಲ್ಲಿ ಮುಖ ಹಿನ್ನೆಲೆಗೆ ಸೇರಿಹೋಗುತ್ತೆ, ಅದರಲ್ಲೂ ಹಳದಿಯಿಂದ ಕೆಂಪಿಗೆ ಇಳಿಯುವ ಗ್ರೇಡಿಯಂಟ್‌ನ ಕಿತ್ತಳೆ ಭಾಗ ಮುಖದ ಹಿಂದೆ ಬಂದರೆ. ಗ್ರೇಡಿಯಂಟ್ ಬಿಡಿ. ಬಾವುಟದ ಹಾಗೆ ಎರಡು ಪಟ್ಟಿ ಮಾಡಿ ಮುಖವನ್ನು ಹಳದಿ ಪಟ್ಟಿಯ ಮೇಲೆ ಬರುವ ಹಾಗೆ ಇಡಿ. ಬೂದಿನಲ್ಲಿ ಹಳದಿ ಬಹಳ ತಿಳಿ, ನಮ್ಮವರ ಮೈಬಣ್ಣ ಅದಕ್ಕಿಂತ ಎಷ್ಟೋ ಗಾಢ, ಅಂತರ ತಾನಾಗೇ ಸಿಗುತ್ತೆ. ಕೆಂಪು ಪಟ್ಟಿ ಎದೆಯ ಕೆಳಗೆ ಇರಲಿ. ಬಿಳಿ ಅಂಗಿ ತೊಟ್ಟಿದ್ದರಂತೂ ಅದರ ಮೇಲೆ ಚೆನ್ನಾಗಿ ಕಾಣುತ್ತೆ.

ಕೊನೆಗೆ ಯಾವಾಗ ಯಾವುದು?

ರಸ್ತೆಬದಿ, ಓಡುವ ಬಸ್ಸಿನಿಂದ ನೋಡುವ ಜಾಗಕ್ಕೆ ನಾನು ಎದುರು ಬಣ್ಣ, ಆದರೆ ಇಳಿಸಿದ ಎದುರು ಬಣ್ಣ ಆರಿಸ್ತೇನೆ. ಕೈಯಲ್ಲಿ ಹಿಡಿದು ನೋಡುವ ಆಹ್ವಾನ ಪತ್ರಿಕೆಗೆ, ವಾಟ್ಸಾಪ್‌ಗೆ, ಒಡವೆ-ಜರಿಯ ಸೂಕ್ಷ್ಮ ಕಾಣಬೇಕಾದ ಕಡೆ ಪಕ್ಕದ ಬಣ್ಣ. ಕತ್ತರಿಸಿದ್ದು ನಾಜೂಕಾಗಿ ಬಂದಿಲ್ಲ ಅಂದರೆ ವಾದವೇ ಬೇಡ, ಹಳೇ ಹಿನ್ನೆಲೆಯ ಬಣ್ಣಕ್ಕೆ ಹತ್ತಿರದ್ದನ್ನೇ ಹಾಕಿ. ನಮ್ಮ ರಂಗಪ್ರವೇಶದಲ್ಲಿ ಪೋಸ್ಟರ್ ನೀಲಿಯಲ್ಲೇ ಹೋಯ್ತು, ಆಹ್ವಾನ ಪತ್ರಿಕೆ ಮರೂನ್‌ನಲ್ಲಿ. ಅಮ್ಮನಿಗೂ ಸಮಾಧಾನ.

ಅಕ್ಷರಕ್ಕೆ ಯಾವ ಬಣ್ಣ?

ಹೊಸ ಬಣ್ಣ ತರಬೇಡಿ. ಹೆಸರು, ದಿನಾಂಕಕ್ಕೆ ಸೀರೆಯಿಂದಲೇ ಎತ್ತಿದ ಹಳದಿ, ಉಳಿದದ್ದಕ್ಕೆ ಕೆನೆ ಬಿಳಿ. ಕೆಂಪು ಹಿನ್ನೆಲೆಯಲ್ಲಿ ಹಸಿರು ಅಕ್ಷರ, ಹಸಿರಿನಲ್ಲಿ ಕೆಂಪು ಅಕ್ಷರ ಬೇಡವೇ ಬೇಡ. ಕೆಂಪು-ಹಸಿರು ಬೇರ್ಪಡಿಸಲು ಕಷ್ಟಪಡುವ ಗಂಡಸರು ನಮ್ಮ ನಡುವೆ ಇದ್ದಾರೆ. ಫೋಟೊಶಾಪ್‌ನ `View > Proof Setup` ಕೆಳಗೆ `Color Blindness` ಆಯ್ಕೆಯಲ್ಲಿ ಅವರಿಗೆ ಹೇಗೆ ಕಾಣುತ್ತೆ ಅಂತ ನೋಡಬಹುದು.

ಸ್ಕ್ರೀನ್‌ನಲ್ಲಿ ನೀಲಿ ಇತ್ತು, ಪ್ರಿಂಟ್ ಆಗಿ ಬಂದಾಗ ನೇರಳೆಹಣ್ಣಿನ ಬಣ್ಣ!

ನನಗೂ ಅದೇ ಆಯ್ತು. ಪ್ರೆಸ್‌ನಿಂದ ಬಂದ ಮೊದಲ ಪ್ರೂಫ್ ನೋಡಿ ಹೊಟ್ಟೆ ಉರಿಯಿತು, ಆಮೇಲೆ ನೋಡಿದರೆ ತಪ್ಪು ನನ್ನದೇ. ಫೈಲ್‌ನಲ್ಲಿ ಸಯಾನ್ 90, ಮೆಜೆಂಟಾ 80 ಇತ್ತು. ಶಾಯಿಯಲ್ಲಿ ನೀಲಿ ಅನ್ನುವುದು ಈ ಎರಡರ ಮಿಶ್ರಣ. ಎರಡೂ ಹತ್ತಿರ ಬಂದರೆ ನೇರಳೆಯ ಕಡೆ ಜಾರುತ್ತೆ. ಸಯಾನ್‌ಗಿಂತ ಮೆಜೆಂಟಾ ಕನಿಷ್ಠ 30 ಕಡಿಮೆ ಇರಲಿ. `C 95 M 60 Y 25 K 45` ಮಾಡಿ ಕಳಿಸಿದ ಮೇಲೆ ಸಂಜೆ ನೀಲಿ ಸಂಜೆ ನೀಲಿಯಾಗೇ ಬಂತು. ಮರೂನ್‌ಗೆ ಈ ಕಾಟ ಇರಲಿಲ್ಲ, ಮೊದಲ ಸಲಕ್ಕೇ ಸರಿಯಾಗಿ ಕೂತಿತು. ಕಳಿಸುವ ಮುಂಚೆ `Proof Setup`ನಲ್ಲಿ `Working CMYK` ಆರಿಸಿ ಒಮ್ಮೆ ನೋಡಿ, `Ctrl+Y` ಒತ್ತಿದರೆ ಆ ನೋಟ ಬಂದು ಹೋಗುತ್ತೆ. ಅದು ಪೂರ್ತಿ ನಿಖರವಲ್ಲದಿದ್ದರೂ ನೀಲಿ ಎತ್ತ ಜಾರ್ತಿದೆ ಅನ್ನೋದನ್ನಾದರೂ ಮುಂಚೆಯೇ ತೋರಿಸುತ್ತೆ. ದೊಡ್ಡ ಸಂಖ್ಯೆಯಲ್ಲಿ ಪ್ರಿಂಟ್ ಹಾಕಿಸುವುದಿದ್ದರೆ ಅದೇ ಕಾಗದದ ಮೇಲೆ ಒಂದು ಪ್ರೂಫ್ ತೆಗೆಸಿ, ಟ್ಯೂಬ್‌ಲೈಟ್ ಕೆಳಗಲ್ಲ, ಹಗಲು ಬೆಳಕಿಗೆ ಹೊರಗೆ ತಂದು ನೋಡಿ.